ಕೋರ್ಟಿನಿಂದ ಬಂದ ಹೆಚ್ಚುವರಿ ಪರಿಹಾರ: ಬಡ್ಡಿಗೆ ಬೀಳುವ ತೆರಿಗೆ

ಸರ್ಕಾರ ಜಮೀನು ತೆಗೆದುಕೊಂಡು ಕೊಡುವ ಪರಿಹಾರಕ್ಕೆ ತೆರಿಗೆ ಇಲ್ಲವೆಂಬ ಮಾತು ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಆ ಪರಿಹಾರ ಸಾಲದೆಂದು ಕೋರ್ಟಿಗೆ ಹೋಗಿ, ಹತ್ತಾರು ವರ್ಷ ಅಲೆದು ಹೆಚ್ಚುವರಿ ಹಣ ಪಡೆದವರ ಕೈಗೆ ಬರುವುದು ಒಂದೇ ಬಗೆಯ ಹಣವಲ್ಲ. ಅದರಲ್ಲಿ ಜಮೀನಿನ ಬೆಲೆಯೂ ಇರುತ್ತದೆ, ತಡವಾದದ್ದಕ್ಕೆ ಕೊಟ್ಟ ಬಡ್ಡಿಯೂ ಇರುತ್ತದೆ. ಆದಾಯ ತೆರಿಗೆ ಕಾನೂನು ಇವೆರಡನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಇದು ಗೊತ್ತಿಲ್ಲದೆ ತಮಗೇ ವಾಪಸ್ ಬರಬೇಕಾದ ಹಣವನ್ನು ಬಿಟ್ಟುಕೊಡುವವರೇ ಹೆಚ್ಚು.

ಮೊದಲು ಜಮೀನಿನ ಬೆಲೆ. 2013ರ ಭೂಸ್ವಾಧೀನ ಕಾಯ್ದೆಯಡಿ ಅವಾರ್ಡ್ ಆಗಿದ್ದರೆ ಅದರ 96ನೇ ಕಲಮು ಆ ಪರಿಹಾರಕ್ಕೆ ಆದಾಯ ತೆರಿಗೆ ಬೇಡವೆನ್ನುತ್ತದೆ. ಆದಾಯ ತೆರಿಗೆ ಕಾಯ್ದೆಯಲ್ಲಿ ಪ್ರತ್ಯೇಕ ವಿನಾಯಿತಿ ಇಲ್ಲದಿದ್ದರೂ ಇದು ಅನ್ವಯವಾಗುತ್ತದೆಂದು ಕೇಂದ್ರ ನೇರ ತೆರಿಗೆ ಮಂಡಳಿ 2016ರ 36ನೇ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಆದರೆ ಕೆಐಎಡಿಬಿಯಂತಹ ಸಂಸ್ಥೆಗಳು ರಾಜ್ಯದ ಬೇರೆ ಕಾಯ್ದೆಯಡಿ ಜಮೀನು ತೆಗೆದುಕೊಳ್ಳುತ್ತವೆ. ಅಲ್ಲಿ 96ನೇ ಕಲಮಿನ ರಕ್ಷಣೆ ತಾನಾಗಿ ಸಿಗುತ್ತದೆಂದು ನಂಬಿ ಕೂರಬಾರದು. ಅವಾರ್ಡ್ ಪ್ರತಿಯ ಮೊದಲ ಪುಟದಲ್ಲೇ ಯಾವ ಕಾಯ್ದೆಯೆಂದು ಬರೆದಿರುತ್ತದೆ. ಅದನ್ನು ಓದದೆ ಮುಂದಿನ ಲೆಕ್ಕಕ್ಕೆ ಕೈಹಾಕುವುದು ವ್ಯರ್ಥ.

ಹಳೆಯ 1894ರ ಕಾಯ್ದೆಯಡಿ ಹೋದ ಜಮೀನುಗಳಿಗೆ 96ನೇ ಕಲಮು ಇರಲಿಲ್ಲ. ಆದರೂ ಪಟ್ಟಣದಿಂದ ದೂರದ ಕೃಷಿ ಭೂಮಿ ತೆರಿಗೆ ಕಾನೂನಿನ ಪ್ರಕಾರ ಬಂಡವಾಳ ಆಸ್ತಿಯೇ ಅಲ್ಲವಾದ್ದರಿಂದ ಅದರ ಬೆಲೆಗೆ ತೆರಿಗೆ ಬೀಳುವುದಿಲ್ಲ. ಈ ದೂರ ಪಟ್ಟಣದ ಜನಸಂಖ್ಯೆಯನ್ನು ನೋಡಿಕೊಂಡು 2, 6 ಅಥವಾ 8 ಕಿಲೋಮೀಟರ್; ರಸ್ತೆಯಲ್ಲಲ್ಲ, ನೇರ ಗೆರೆಯಲ್ಲಿ ಅಳೆಯಬೇಕು. ಊರಿಗೆ ಹತ್ತಿರದ ಜಮೀನಾದರೆ 10(37)ನೇ ಕಲಮು ನೆರವಿಗೆ ಬರುತ್ತದೆ. ಸ್ವಾಧೀನಕ್ಕೆ ಮುಂಚಿನ ಎರಡು ವರ್ಷ ಮಾಲೀಕನೋ ಅವನ ತಂದೆತಾಯಿಯೋ ಅಲ್ಲಿ ಬೇಸಾಯ ಮಾಡಿದ್ದರೆ ವಿನಾಯಿತಿ. ಆ ವರ್ಷಗಳ ಪಹಣಿಯ ಬೆಳೆ ಕಾಲಂ ಖಾಲಿ ಇದ್ದರೆ ಇದನ್ನು ಸಾಬೀತು ಮಾಡುವುದು ಕಷ್ಟ.

ಇನ್ನು ಬಡ್ಡಿ. ಬಾಗಲಕೋಟೆಯ ಸುತ್ತ ಕೃಷ್ಣಾ ಮೇಲ್ದಂಡೆ ಯೋಜನೆಗೆ ಜಮೀನು ಕಳೆದುಕೊಂಡ ಕುಟುಂಬಗಳಿಗೆ ಈ ಪ್ರಶ್ನೆ ಚೆನ್ನಾಗಿ ಗೊತ್ತು. ಲೆಕ್ಕ ತಿಳಿಯಲೆಂದು ಅಂಥ ಒಬ್ಬ ರೈತನನ್ನು ಕಲ್ಪಿಸಿಕೊಳ್ಳೋಣ. ಊರಾಚೆಯ ಹೊಲ 1894ರ ಕಾಯ್ದೆಯಡಿ ಹೋಯಿತು. ಕೋರ್ಟು ಸೊಲೇಷಿಯಂ ಸೇರಿ 10 ಲಕ್ಷ ರೂಪಾಯಿ ಹೆಚ್ಚಿಸಿತು. ಕಾಯ್ದೆಯ 28ನೇ ಕಲಮಿನಂತೆ ಜಮೀನು ಸರ್ಕಾರದ ವಶಕ್ಕೆ ಹೋದ ಮೊದಲ ವರ್ಷಕ್ಕೆ ಶೇ 9, ಆಮೇಲಿನ ವರ್ಷಗಳಿಗೆ ಶೇ 15 ಬಡ್ಡಿ. ಹತ್ತು ವರ್ಷ ಕಳೆದಿದ್ದರೆ ಮೊದಲ ವರ್ಷದ್ದು 90,000, ಉಳಿದ ಒಂಬತ್ತು ವರ್ಷದ್ದು 13,50,000, ಒಟ್ಟು 14,40,000 ರೂಪಾಯಿ. ಅಂದರೆ ಅಸಲಿಗಿಂತ ಬಡ್ಡಿಯೇ ದೊಡ್ಡದು! ಹಾಗಾಗಿಯೇ ಈ ಭಾಗವನ್ನು ಹಗುರವಾಗಿ ನೋಡುವಂತಿಲ್ಲ.

ಈ 28ನೇ ಕಲಮಿನ ಬಡ್ಡಿ ಪರಿಹಾರದ್ದೇ ಒಂದು ಭಾಗವೆಂದು ಸುಪ್ರೀಂ ಕೋರ್ಟ್ 2009ರಲ್ಲಿ ಘನಶ್ಯಾಮ್ ಪ್ರಕರಣದಲ್ಲಿ ಹೇಳಿತ್ತು. ಅದೇ ಹೊತ್ತಿಗೆ ಸಂಸತ್ತು ಆದಾಯ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಪರಿಹಾರದ ಮೇಲಿನ ಬಡ್ಡಿಯನ್ನು ‘ಇತರ ಮೂಲಗಳ ಆದಾಯ’ಕ್ಕೆ ಸೇರಿಸಿತು. ಅಲ್ಲಿಂದ ಹೈಕೋರ್ಟುಗಳಲ್ಲಿ ಅಭಿಪ್ರಾಯ ಒಡೆದಿದೆ. ಗುಜರಾತ್ ಹೈಕೋರ್ಟ್ ಘನಶ್ಯಾಮ್ ತೀರ್ಪನ್ನೇ ಹಿಡಿದು ರೈತರ ಪರ ನಿಂತರೆ, ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಇಲಾಖೆಯ ಪರ ತೀರ್ಪು ಕೊಟ್ಟಿದೆ. ಜಮೀನಿನ ಬೆಲೆ ಹೊತ್ತಿಗೆ ಸರಿಯಾಗಿ ಕೊಡದ ತಪ್ಪಿಗೆ ಸರ್ಕಾರ ಕಟ್ಟುವ ಹಣದಲ್ಲಿ ಸರ್ಕಾರವೇ ಪಾಲು ಕೇಳುವುದು ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ. ಆದರೂ ಇಲಾಖೆ ಬಡ್ಡಿಯನ್ನು ತೆರಿಗೆಗೆ ಒಳಪಡಿಸುತ್ತಿರುವುದು ವಾಸ್ತವ. ಸಣ್ಣ ಮೊತ್ತದವರು ವ್ಯಾಜ್ಯಕ್ಕಿಳಿಯುವ ಮೊದಲು, ತೆರಿಗೆ ಕಟ್ಟಲು ಒಪ್ಪಿದರೂ ನಿಜವಾಗಿ ಎಷ್ಟು ಬೀಳುತ್ತದೆಂದು ಲೆಕ್ಕ ಹಾಕಿ ನೋಡಬೇಕು.

ಕಾನೂನಿನ ಪ್ರಕಾರ ಬಡ್ಡಿ ಯಾವ ವರ್ಷಗಳದ್ದೇ ಆಗಿರಲಿ, ಕೈಗೆ ಬಂದ ವರ್ಷದ ಆದಾಯವಾಗುತ್ತದೆ. ಹತ್ತು ವರ್ಷಕ್ಕೆ ಹಂಚಿ ತೋರಿಸಲು ಈಗ ಬರುವುದಿಲ್ಲ. ಅದಕ್ಕೆ ಬದಲಾಗಿ ಅರ್ಧ ಭಾಗವನ್ನು ಕಳೆಯಲು ಅವಕಾಶವಿದೆ. ಈ ಅರ್ಧವನ್ನು ಬಿಟ್ಟರೆ ವಕೀಲರ ಫೀಸು, ಕೋರ್ಟು ಖರ್ಚು ಯಾವುದನ್ನೂ ಕಳೆಯುವಂತಿಲ್ಲ. ನಮ್ಮ ರೈತನಿಗೆ ತೆರಿಗೆಗೆ ಒಳಪಡುವುದು 7,20,000 ರೂಪಾಯಿ.

ಹಣ 2025-26ನೇ ಹಣಕಾಸು ವರ್ಷದಲ್ಲಿ ಬಂದಿದೆ, ಅವನಿಗೆ ಬೇರೆ ತೆರಿಗೆ ಆದಾಯವಿಲ್ಲ ಎಂದುಕೊಳ್ಳಿ. ಹೊಸ ತೆರಿಗೆ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. ಉಳಿದ 3,20,000ಕ್ಕೆ ಶೇ 5ರಂತೆ 16,000 ರೂಪಾಯಿ. ಆದಾಯ 12 ಲಕ್ಷ ದಾಟದ ವ್ಯಕ್ತಿಗೆ ಸಿಗುವ ರಿಯಾಯಿತಿಯಿಂದ ಅದೂ ಸೊನ್ನೆಯಾಗುತ್ತದೆ. ಆದರೆ ಹಣ ಕೊಡುವ ಕಚೇರಿ ಬಡ್ಡಿಯ ಮೇಲೆ ಶೇ 10ರಂತೆ 1,44,000 ರೂಪಾಯಿ ಟಿಡಿಎಸ್ ಮೊದಲೇ ಹಿಡಿದಿರುತ್ತದೆ. ಪ್ಯಾನ್ ಕೊಡದಿದ್ದರೆ ಶೇ 20ರಂತೆ 2,88,000. ರಿಟರ್ನ್ ಸಲ್ಲಿಸಿದರೆ ಹಿಡಿದ 1,44,000ವೂ ವಾಪಸ್ ಬರುತ್ತದೆ, ಸಲ್ಲಿಸದಿದ್ದರೆ ಹೋದಂತೆಯೇ.

ಇದೇ ಹಣ ಅವಿಭಕ್ತ ಕುಟುಂಬದ ಹೆಸರಿನಲ್ಲಿ ಬಂದರೆ ಫಲಿತಾಂಶ ಬೇರೆ. 12 ಲಕ್ಷದವರೆಗಿನ ರಿಯಾಯಿತಿ ವ್ಯಕ್ತಿಗಳಿಗೆ ಮಾತ್ರ. ಆಗ 16,000ದ ಮೇಲೆ ಸೆಸ್ ಸೇರಿ 16,640 ರೂಪಾಯಿ ಕಟ್ಟಲೇಬೇಕು.

ತೊಂದರೆ ಹುಟ್ಟುವುದು ಹೆಚ್ಚಾಗಿ ಕಾಗದದಲ್ಲಿ. ಕೋರ್ಟಿಗೆ ಸಲ್ಲಿಸಿದ ಲೆಕ್ಕದ ಮೆಮೊದಲ್ಲಿ ಅಸಲು, ಸೊಲೇಷಿಯಂ, ಬಡ್ಡಿ ಬೇರೆ ಬೇರೆ ಸಾಲಿನಲ್ಲಿರುತ್ತವೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಒಂದೇ ಮೊತ್ತ. ಮೆಮೊದ ಪ್ರತಿ ಇಲ್ಲದಿದ್ದರೆ ಇಡೀ 24,40,000 ರೂಪಾಯಿಯನ್ನು ಯಾವ ತಲೆಬರಹದಡಿ ತೋರಿಸಬೇಕೆಂದು ಲೆಕ್ಕಪರಿಶೋಧಕರಿಗೂ ಗೊತ್ತಾಗುವುದಿಲ್ಲ. ವಕೀಲರ ಕಡತದಿಂದ ಅದನ್ನು ಹಣ ಬಂದ ತಿಂಗಳಲ್ಲೇ ಕೇಳಿ ತೆಗೆದುಕೊಳ್ಳಿ. ಆಮೇಲೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ 26ಎಎಸ್ ತೆರೆದು, ಹಿಡಿದ ಹಣ ಯಾರ ಪ್ಯಾನ್‌ಗೆ ಜಮೆಯಾಗಿದೆ ನೋಡಿ. ತಂದೆ ತೀರಿಕೊಂಡು ಮಕ್ಕಳು ವಾರಸುದಾರರಾದ ಕೇಸುಗಳಲ್ಲಿ ಹಣ ಎಲ್ಲರಿಗೂ ಹಂಚಿಕೆಯಾಗಿ, ಟಿಡಿಎಸ್ ಮಾತ್ರ ಹಿರಿಯಣ್ಣನ ಪ್ಯಾನ್‌ನಲ್ಲಿ ಕೂತಿರುವುದುಂಟು. ಆಗ ಯಾರ ಪಾಲು ಎಷ್ಟೆಂಬ ಘೋಷಣೆಯನ್ನು ಅವನು ಹಣ ಕೊಟ್ಟ ಕಚೇರಿಗೆ ಸಲ್ಲಿಸಬೇಕು. ಕಚೇರಿ ಅದರಂತೆ ಟಿಡಿಎಸ್ ವಿವರಪಟ್ಟಿಯನ್ನು ತಿದ್ದಿದ ಮೇಲಷ್ಟೇ ಉಳಿದವರು ರಿಫಂಡ್ ಕೇಳಬಹುದು.

ಕೃಷಿ ಆದಾಯ ವರ್ಷಕ್ಕೆ 5,000 ರೂಪಾಯಿ ದಾಟುವವರು ಐಟಿಆರ್-1 ಬಳಸುವಂತಿಲ್ಲ; ವ್ಯಾಪಾರವಿಲ್ಲದ ರೈತನಿಗೆ ಐಟಿಆರ್-2. ಗಡುವು ಜುಲೈ 31; ತಪ್ಪಿದರೆ ಡಿಸೆಂಬರ್ 31ರವರೆಗೆ ತಡದ ರಿಟರ್ನ್ ಹಾಕಬಹುದು. ಅದೂ ದಾಟಿದರೆ, ವಿಳಂಬ ಮನ್ನಿಸಿ ಎಂದು ಕಾರಣ ಮತ್ತು ದಾಖಲೆಗಳೊಂದಿಗೆ ಇಲಾಖೆಗೆ ಅರ್ಜಿ ಕೊಡಬೇಕು. ಅದಕ್ಕೆ ಆ ತೆರಿಗೆ ನಿರ್ಧರಣಾ ವರ್ಷ ಮುಗಿದ ಮೇಲೆ ಐದು ವರ್ಷದ ಮಿತಿಯಿದೆ. ಇಲ್ಲಿ ಹೇಳಿದ ಆದಾಯ ತೆರಿಗೆಯ ಕಲಮು 1961ರ ಕಾಯ್ದೆಯದು. 2026ರ ಏಪ್ರಿಲ್ 1ರ ನಂತರ ಬಂದ ಹಣಕ್ಕೆ 2025ರ ಹೊಸ ಕಾಯ್ದೆ ಅನ್ವಯಿಸುತ್ತದೆ, ಅದರಲ್ಲಿ ಕಲಮುಗಳ ಸಂಖ್ಯೆ ಬೇರೆ.