ನೂರಿಪ್ಪತ್ತರ ಪರದೆ, ನಲವತ್ತರ ಆಟ

ಬಿಜಿಎಂಐ ಆಟದ ಗ್ರಾಫಿಕ್ಸ್ ಸೆಟ್ಟಿಂಗ್ ತೆರೆದರೆ ಫ್ರೇಮ್ ರೇಟ್ ಸಾಲಿನಲ್ಲಿ High, Ultra, Extreme ಎಂಬ ಆಯ್ಕೆಗಳು ಕಾಣುತ್ತವೆ. ಆಟ ಸೆಕೆಂಡಿಗೆ 30, 40 ಅಥವಾ 60 ಚಿತ್ರ ಬಿಡಿಸಲಿ ಎಂದು ಇದರ ಅರ್ಥ. ಕೆಲವು ಫೋನುಗಳಲ್ಲಿ 90 ಕೂಡ ಸಿಗುತ್ತದೆ. ಫೋನಿನ ಡಬ್ಬದ ಮೇಲೆ ಮುದ್ರಿಸಿರುವ 120 ಹರ್ಟ್ಜ್ ಬೇರೆಯೇ ಲೆಕ್ಕ. ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗಿ ಮೂಡುತ್ತದೆ ಎಂಬುದನ್ನು ಅದು ಹೇಳುತ್ತದೆ. ಆಟ ನಯವಾಗಿ ಕಾಣುವುದು ಈ ಎರಡೂ ಲೆಕ್ಕ ಒಂದಕ್ಕೊಂದು ಹೊಂದಿದಾಗ.

ನಲವತ್ತನ್ನೇ ನೋಡೋಣ. ಅಲ್ಲಿ 25 ಮಿಲಿಸೆಕೆಂಡಿಗೊಂದು ಹೊಸ ಚಿತ್ರ ಸಿದ್ಧವಾಗುತ್ತದೆ. ಸಾಮಾನ್ಯ 60 ಹರ್ಟ್ಜ್ ಪರದೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಮಾತ್ರ ಬದಲಾಗಬಲ್ಲದು. ಹಾಗಾಗಿ ಒಂದು ಚಿತ್ರ ಎರಡು ಸರದಿ ನಿಂತರೆ ಮುಂದಿನದು ಒಂದೇ ಸರದಿಗೆ ಹೋಗಿಬಿಡುತ್ತದೆ. ಆಟದಲ್ಲಿ ಗೋಡೆಯ ಪಕ್ಕ ನಿಂತು ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸಿ ನೋಡಿ, ಗೋಡೆಯ ಅಂಚು ಕುಂಟುತ್ತಾ ಸರಿಯುವುದು ಕಣ್ಣಿಗೆ ಬೀಳುತ್ತದೆ. ಅದೇ ನಲವತ್ತನ್ನು 120 ಹರ್ಟ್ಜ್ ಪರದೆಗೆ ಕೊಟ್ಟರೆ ಪ್ರತಿ ಚಿತ್ರಕ್ಕೂ ಸರಿಯಾಗಿ ಮೂರು ಸರದಿ ಸಿಗುತ್ತದೆ, ಕುಂಟುವುದು ನಿಲ್ಲುತ್ತದೆ. ಇದೇ ಕಾರಣಕ್ಕೆ 90 ಹರ್ಟ್ಜ್‌ಗೆ ನಿಲ್ಲಿಸಿದ ಪರದೆಯಲ್ಲಿ 60ರ ಆಟವೂ ತೊಡರುತ್ತದೆ. ಅಲ್ಲಿ ಪರದೆಯನ್ನು 60ಕ್ಕೆ ಇಳಿಸಿಕೊಳ್ಳುವುದೇ ವಾಸಿ.

ಇನ್ನು ಬ್ಯಾಟರಿ. ಪರದೆಯನ್ನು 60ರಿಂದ 120ಕ್ಕೆ ಏರಿಸಿದರೆ ಖರ್ಚು ಹೆಚ್ಚುವುದು ನಿಜ. ಆದರೆ ಭಾರೀ ಆಟಗಳಲ್ಲಿ ಚಾರ್ಜನ್ನು ಹೆಚ್ಚು ತಿನ್ನುವುದು ಚಿತ್ರ ಬಿಡಿಸುವ ಚಿಪ್. ಚಿತ್ರಗಳು ಹೆಚ್ಚಿದಂತೆ ಅದು ವೇಗವಾಗಿ ಓಡಬೇಕು, ವೇಗಕ್ಕೆ ಹೆಚ್ಚಿನ ವೋಲ್ಟೇಜ್ ಬೇಕು. ವಿದ್ಯುತ್ ಖರ್ಚು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಕೊನೆಯ ಕೆಲವು ಫ್ರೇಮುಗಳೇ ಅತಿ ದುಬಾರಿ. 5000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಆಡುವಾಗ ಫೋನ್ ಒಟ್ಟು 4 ವ್ಯಾಟ್ ಎಳೆದರೆ ನಾಲ್ಕೂಮುಕ್ಕಾಲು ಗಂಟೆ ಬರುತ್ತದೆ, 6 ವ್ಯಾಟ್ ಎಳೆದರೆ ಮೂರು ಗಂಟೆಗಿಂತ ತುಸು ಹೆಚ್ಚು ಬಂದರೆ ಹೆಚ್ಚು.

ಅಷ್ಟು ಶಕ್ತಿಯೂ ಕೊನೆಗೆ ಬಿಸಿಯಾಗುತ್ತದೆ. ಹೆಚ್ಚಿನ ಫೋನುಗಳಲ್ಲಿ ಫ್ಯಾನ್ ಇಲ್ಲ. ಬೆನ್ನು ಸುಡತೊಡಗಿದಾಗ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮೊದಲ ಪಂದ್ಯದಲ್ಲಿ ನೀರಿನಂತೆ ಹರಿದ 90ರ ಆಟ ಮೂರನೆಯದರಲ್ಲಿ 70, 55, 80 ಎಂದು ಏರಿಳಿಯಲು ಶುರುವಾಗುವುದು ಹೀಗೆ. ಎದುರಾಳಿಗೆ ಗುರಿಯಿಡುವ ಹೊತ್ತಿಗೆ ಈ ಏರಿಳಿತ ಕೊಡುವ ತೊಂದರೆಯನ್ನು ಸ್ಥಿರವಾದ 60 ಎಂದೂ ಕೊಡದು.

ಪರೀಕ್ಷಿಸಬೇಕೆಂದರೆ ಆಂಡ್ರಾಯ್ಡ್‌ನ ಡೆವಲಪರ್ ಆಯ್ಕೆಗಳಲ್ಲಿ Show refresh rate ಎಂಬುದಿದೆ. ಅದು ತೋರಿಸುವುದು ಪರದೆಯ ವೇಗವನ್ನು ಮಾತ್ರ. ಆಟದ ಫ್ರೇಮ್ ಲೆಕ್ಕಕ್ಕೆ ಫೋನಿನ ಗೇಮ್ ಮೋಡ್ ಪಟ್ಟಿಯನ್ನು ನೋಡಬೇಕು. ಮೊದಲ ಐದು ನಿಮಿಷದ ಅಂಕಿಯನ್ನು ನಂಬಬೇಡಿ. ಅರ್ಧ ಗಂಟೆ ಆಡಿ, ಫೋನ್ ಬಿಸಿಯಾದ ಮೇಲೂ ಕದಲದೆ ನಿಲ್ಲುವ ಆಯ್ಕೆ ಯಾವುದೋ ಅದನ್ನೇ ಇಟ್ಟುಕೊಳ್ಳಿ.