ಜಾತ್ರೆಗೆ ಕೂಸು ಕರ್ಕೊಂಡು ಹೊಂಟೀರಾ? ಮೊದಲು ನೆರಳು, ಆಮೇಲೆ ಸನ್‌ಸ್ಕ್ರೀನ್

ಸವದತ್ತಿ: ದವನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬೈಲಹೊಂಗಲ, ಕಿತ್ತೂರು, ರಾಮದುರ್ಗದಿಂದ ಹಸುಗೂಸು ಎತ್ತಿಕೊಂಡು ಬರುವವರೂ ಇರುತ್ತಾರೆ. ಆಗ ಮೆಡಿಕಲ್ ಅಂಗಡಿಯಲ್ಲಿ ‘ಕೂಸಿಗೆ ಸನ್‌ಸ್ಕ್ರೀನ್ ಕೊಡ್ರಿ’ ಎಂದು ಯಾರಾದರೂ ಕೇಳಿದರೆ, ಅಂಗಡಿಯವರು ಮೊದಲು ಕೇಳಬೇಕಾದದ್ದು ಒಂದೇ: ‘ಆರು ತಿಂಗಳು ತುಂಬೇತೇನ್ರಿ?’

ತುಂಬಿರದಿದ್ದರೆ ಕ್ರೀಮ್ ಬೇಡ. ಅಷ್ಟು ಸಣ್ಣ ಕೂಸಿನ ಚರ್ಮ ತೆಳು, ಹಚ್ಚಿದ್ದನ್ನು ಬೇಗ ಹೀರುತ್ತದೆ. ಅದಕ್ಕೆ ನೆರಳೇ ಔಷಧ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಬಿಸಿಲಿಗೆ ಒಯ್ಯಬಾರದು. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಬಿಸಿಲು ಜೋರಿದೆ ಅಂತ ತಿಳೀರಿ.

ಬಟ್ಟೆಗೆ ನಮ್ಮ ಹಳೇ ಕುಂಚಿಗೆಯೇ ಚಲೋ. ತಲೆ, ಕಿವಿ, ಕುತ್ತಿಗೆ ಮೂರನ್ನೂ ಮುಚ್ಚುತ್ತದೆ. ಜೊತೆಗೆ ಸಡಿಲವಾದ ತುಂಬುತೋಳಿನ ಹತ್ತಿ ಅಂಗಿ ಇರಲಿ. ಆದರೆ ಮುಖದ ಮೇಲೆ ಸೆರಗು ಪೂರ್ತಿ ಹೊದಿಸಬಾರದು. ಒಳಗೆ ಗಾಳಿಯಾಡದೆ ಕೂಸು ಕಾಯುತ್ತದೆ.

ಆರು ತಿಂಗಳು ದಾಟಿದ ಮಕ್ಕಳಿಗೆ ಬಟ್ಟೆ ಮುಚ್ಚದ ಜಾಗಕ್ಕೆ ಮಾತ್ರ ಜಿಂಕ್ ಆಕ್ಸೈಡ್ ಇರುವ, ಎಸ್‌ಪಿಎಫ್ 30 ಅಥವಾ ಹೆಚ್ಚಿನ ಕ್ರೀಮ್ ಹಚ್ಚಬಹುದು. ಹೊರಡುವ 15 ನಿಮಿಷ ಮೊದಲು ಹಚ್ಚಿ, ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಕೊಬ್ಬರಿ ಎಣ್ಣೆ, ಅರಿಶಿನ ಇದರ ಕೆಲಸ ಮಾಡುವುದಿಲ್ಲ.

ಬಿಸಿಲಿಗೆ ಸುಟ್ಟದ್ದು ಕೂಡಲೇ ಕಾಣುವುದಿಲ್ಲ, ಕೆಲವು ತಾಸಿನ ನಂತರ ಗೊತ್ತಾಗುತ್ತದೆ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದೇ ಇರಬಹುದು; ಚರ್ಮ ಬಿಸಿಯಾಗಿ, ಮುಟ್ಟಿದರೆ ಅಳುತ್ತದೆ. ತಣ್ಣೀರಿನ ಒದ್ದೆ ಬಟ್ಟೆ ಹಾಕಿ. ಐಸ್, ಟೂತ್‌ಪೇಸ್ಟ್ ಬೇಡ. ವರ್ಷದೊಳಗಿನ ಕೂಸಾದರೆ ಡಾಕ್ಟರಿಗೆ ತೋರಿಸಿ. ಬೊಬ್ಬೆ, ಜ್ವರ ಬಂದರೆ ಅಥವಾ ಹಾಲು ಕುಡಿಯದೆ ಮಂಕಾದರೆ ತಡ ಮಾಡಬೇಡಿ.