ಚಾಟ್‌ನಲ್ಲಿ ಒತ್ತಕ್ಷರ ಒಡೆದರೆ ತಪ್ಪು ಯಾರ ಫೋನಿನದು?

ಗೃಹಪ್ರವೇಶಕ್ಕೆ ಕರೆದು ಗುಂಪಿಗೆ ಹಾಕಿದ ಒಂದೇ ಸಂದೇಶ ಒಬ್ಬರ ಫೋನಿನಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ, ಇನ್ನೊಬ್ಬರಲ್ಲಿ ಸಾಲುಸಾಲು ಖಾಲಿ ಪೆಟ್ಟಿಗೆಗಳಾಗುತ್ತದೆ. ಮತ್ತೊಬ್ಬರಿಗೆ ‘ಪ್ರ’ ಹೋಗಿ ‘ಪ್ ರ’ ಆಗಿರುತ್ತದೆ. ಮಗದೊಬ್ಬರಿಗೆ ಗುಡಿಸೋ ಕೊಂಬೋ ಅಕ್ಷರದಿಂದ ಕಳಚಿಕೊಂಡು, ಚುಕ್ಕಿಗಳಿಂದಾದ ಒಂದು ಸೊನ್ನೆಗೆ ಅಂಟಿಕೊಂಡಿರುತ್ತದೆ. ಎಲ್ಲರೂ ಇದನ್ನು ‘ಫಾಂಟ್ ಸಮಸ್ಯೆ’ ಎನ್ನುತ್ತಾರೆ. ನಿಜಕ್ಕೂ ಇವು ಮೂರು ಬೇರೆ ಬೇರೆ ತೊಂದರೆಗಳು. ಪರದೆಯ ಮೇಲೆ ಕಾಣುವ ಗುರುತನ್ನು ಸರಿಯಾಗಿ ನೋಡಿದರೆ ದುರಸ್ತಿ ಎಲ್ಲಿ ಆಗಬೇಕೆಂಬುದು ಅದರಲ್ಲೇ ತಿಳಿಯುತ್ತದೆ.

ಮೊದಲು, ಸಂದೇಶದಲ್ಲಿ ಏನು ಸಾಗಿ ಬರುತ್ತದೆ ಎಂದು ನೋಡೋಣ. ‘ಸ್ವಾತಂತ್ರ್ಯ’ ಎಂಬ ಪದ ನಮ್ಮ ಕಣ್ಣಿಗೆ ಮೂರು ಅಕ್ಷರ: ಸ್ವಾ, ತಂ, ತ್ರ್ಯ. ಫೋನಿಗೆ ಇದು ಹನ್ನೊಂದು ಸಂಕೇತಗಳ ಸರಣಿ. ಸ, ವಿರಾಮ, ವ, ಇಳಿ, ತ, ಸೊನ್ನೆ, ತ, ವಿರಾಮ, ರ, ವಿರಾಮ, ಯ. ಒತ್ತಕ್ಷರಕ್ಕೆಂದು ಪ್ರತ್ಯೇಕ ಸಂಕೇತವೇ ಇಲ್ಲ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಿಂದಲೂ ಕನ್ನಡದ ಏರ್ಪಾಡು ಇದೇ: ಎರಡು ವ್ಯಂಜನಗಳ ನಡುವೆ ವಿರಾಮದ ಗುರುತು ಬಂದರೆ ಎರಡನೆಯದು ಒತ್ತಾಗಬೇಕು. ಅದನ್ನು ಒತ್ತಾಗಿ ಬರೆದು ತೋರಿಸುವ ಕೆಲಸ ಸಂದೇಶ ಪಡೆದವರ ಫೋನಿನದು. ಹಳೆಯ ಮುದ್ರಣಾಲಯದಲ್ಲಿ ಲೇಖಕರು ಹಸ್ತಪ್ರತಿ ಕಳಿಸಿದರೆ ಮೊಳೆ ಜೋಡಿಸುವವರು ಒತ್ತನ್ನು ಹುಡುಕಿ ಅಕ್ಷರದ ಕೆಳಗೆ ಕೂರಿಸುತ್ತಿದ್ದರಲ್ಲ, ಹಾಗೆಯೇ. ಜೋಡಣೆ ಸರಿಯಾಗಲು ಮೂರು ಬೇಕು: ಪೆಟ್ಟಿಗೆಯಲ್ಲಿ ಮೊಳೆ ಇರಬೇಕು, ಜೋಡಿಸುವವರಿಗೆ ಕನ್ನಡ ಗೊತ್ತಿರಬೇಕು, ಹಸ್ತಪ್ರತಿಯಲ್ಲಿ ತಪ್ಪಿರಬಾರದು. ಫೋನಿನಲ್ಲಿ ಇವು ಕ್ರಮವಾಗಿ ಫಾಂಟ್, ಜೋಡಣೆಯ ತಂತ್ರಾಂಶ ಮತ್ತು ಸಂದೇಶದ ಪಠ್ಯ.

ಪೂರ್ತಿ ಪೆಟ್ಟಿಗೆಗಳೇ ಕಂಡರೆ ಕೊರತೆ ಫಾಂಟಿನದು. ಆ ಸಂಕೇತಕ್ಕೆ ತೋರಿಸಬೇಕಾದ ಚಿತ್ರ ಫೋನಿನ ಯಾವ ಫಾಂಟಿನಲ್ಲೂ ಸಿಗದಾಗ ಖಾಲಿ ಚೌಕ ಬರುತ್ತದೆ. ಆಂಡ್ರಾಯ್ಡ್ ಫೋನುಗಳಿಗೆ ಕನ್ನಡದ ಅಕ್ಷರಗಳು ಬಂದದ್ದು 2012ರ 4.1 ಆವೃತ್ತಿಯಲ್ಲಿ, ಅದಕ್ಕಿಂತ ಹಿಂದಿನ ಎಷ್ಟೋ ಫೋನುಗಳಲ್ಲಿ ಇಡೀ ಸಂದೇಶ ಚೌಕಗಳಾಗುತ್ತಿತ್ತು. ಈಗಿನ ಫೋನಿನಲ್ಲಿ ಹೀಗಾಗುವುದು ಅಪರೂಪ. ಆದರೂ ಆದರೆ, ಅಂದಕ್ಕೆಂದು ಹಾಕಿಕೊಂಡ ಥೀಮ್ ಅಥವಾ ಫಾಂಟಿನ ಮೇಲೆ ಮೊದಲು ಅನುಮಾನ ಪಡಿ. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ವಿಭಾಗಕ್ಕೆ ಹೋಗಿ ಅಕ್ಷರ ಶೈಲಿಯನ್ನು ಡೀಫಾಲ್ಟ್‌ಗೆ ಮರಳಿಸಿ, ಫೋನನ್ನು ಒಮ್ಮೆ ಆರಿಸಿ ಹಚ್ಚಿ. ವಿಂಡೋಸ್ 8ರಿಂದ ಈಚಿನ ಕಂಪ್ಯೂಟರುಗಳಲ್ಲಿ ಕನ್ನಡವನ್ನೂ ತೋರಿಸಬಲ್ಲ ‘ನಿರ್ಮಲಾ ಯುಐ’ ಫಾಂಟ್ ಮೊದಲೇ ಇರುತ್ತದೆ. ಹಳೆಯ ‘ತುಂಗ’ ಫಾಂಟೇ ಬೇಕೆಂದರೆ ವಿಂಡೋಸ್ 10ರ ಆಪ್ಷನಲ್ ಫೀಚರ್ಸ್ ಪಟ್ಟಿಯಿಂದ Kannada Supplemental Fonts ಸೇರಿಸಿಕೊಳ್ಳಬೇಕು.

ಉಳಿದದ್ದೆಲ್ಲ ಸರಿಯಿದ್ದು ಯಾವುದೋ ಒಂದು ಅಪರೂಪದ ಅಕ್ಷರ ಮಾತ್ರ ಚೌಕವಾಗಿದ್ದರೆ ಆ ಫಾಂಟ್ ಹಳೆಯದು ಎಂದರ್ಥ. ಹಳಗನ್ನಡದ ನಕಾರ ಪೊಲ್ಲು ಯೂನಿಕೋಡ್‌ಗೆ ಸೇರಿದ್ದು 2021ರಲ್ಲಿ. ಅದಕ್ಕೂ ಮೊದಲು ತಯಾರಾದ ಫಾಂಟಿನಲ್ಲಿ ಅದು ಸಿಗದಿರುವುದು ಸಹಜ. ಸಿಸ್ಟಮ್ ಅಪ್‌ಡೇಟ್ ಬರುವವರೆಗೆ ಅದಕ್ಕೆ ಮದ್ದಿಲ್ಲ.

ಪದದ ನಟ್ಟನಡುವೆ ಒಂದೇ ಒಂದು ಚೌಕ ಬರುವುದು ಇನ್ನೊಂದು ಬಗೆ. ಗೊಂದಲ ಹೆಚ್ಚು ಆಗುವುದು ಇಲ್ಲೇ. ‘ರಾಜ್‌ಕುಮಾರ್’ ಎಂಬ ಹೆಸರು ತೆಗೆದುಕೊಳ್ಳಿ. ಜಕಾರ, ವಿರಾಮ, ಕಕಾರ ಸಾಲಾಗಿ ಬಂದರೆ ನಿಯಮದಂತೆ ಕಕಾರ ಒತ್ತಾಗಿ ‘ರಾಜ್ಕುಮಾರ್’ ಆಗುತ್ತದೆ. ಹಾಗೆ ಆಗದಿರಲೆಂದು ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇಡುತ್ತಾರೆ. ಅದರ ಸಂಖ್ಯೆ U+200C, ಕೆಲಸ ‘ಇಲ್ಲಿ ಕೂಡಿಸಬೇಡ’ ಎಂದು ಹೇಳುವುದು. ಇದಕ್ಕೆ ಜೊತೆಯಾಗಿ U+200D ಎಂಬ ಇನ್ನೊಂದಿದೆ. ‘ರ್ಯಾಂಕ್’ ಎಂದು ಸುಮ್ಮನೆ ಬರೆದರೆ ರಕಾರ ಅರ್ಕಾವತ್ತಾಗಿ ಯಕಾರದ ಪಕ್ಕಕ್ಕೆ ಹೋಗುತ್ತದೆ. ‘ರ‍್ಯಾಂಕ್’ ಎಂದು ರಕಾರ ಪೂರ್ಣವಾಗಿ ನಿಲ್ಲಬೇಕಾದರೆ ರಕಾರದ ಹಿಂದೆಯೇ ಈ ಎರಡನೆಯ ಸಂಕೇತ ಬೇಕು. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡ ಪಡೆಯುವ ಕೀಲಿಮಣೆಗಳು ಇವನ್ನು ಸಾಮಾನ್ಯವಾಗಿ ತಾವೇ ಸೇರಿಸಿಬಿಡುವುದರಿಂದ, ಕಳಿಸಿದವರಿಗೆ ತಾವು ಇಂಥದ್ದೊಂದನ್ನು ಕಳಿಸಿದ್ದೇವೆ ಎಂಬ ಅರಿವೇ ಇರುವುದಿಲ್ಲ.

ಈ ಸಂಕೇತಗಳಿಗೆ ಚಿತ್ರವಿಲ್ಲ. ಒಳ್ಳೆಯ ತಂತ್ರಾಂಶ ಅವುಗಳ ಆಜ್ಞೆ ಪಾಲಿಸಿ ಜಾಗವನ್ನು ಖಾಲಿ ಬಿಡುತ್ತದೆ. ಹಳೆಯ ಅಥವಾ ಅರೆಬರೆ ತಂತ್ರಾಂಶ ಅವುಗಳಿಗೂ ಫಾಂಟಿನಲ್ಲಿ ಚಿತ್ರ ಹುಡುಕಿ, ಸಿಗದೆ, ‘ರಾಜ್□ಕುಮಾರ್’ ಎಂದು ತೋರಿಸುತ್ತದೆ. ಖಚಿತಪಡಿಸಿಕೊಳ್ಳಲು ಸಂದೇಶವನ್ನು ನಕಲು ಮಾಡಿ ಟೈಪಿಸುವ ಜಾಗದಲ್ಲಿ ಅಂಟಿಸಿ, ಆ ಚೌಕವನ್ನಷ್ಟೇ ಅಳಿಸಿ. ತಕ್ಷಣ ಕಕಾರ ಒತ್ತಾಗಿ ಕೆಳಗಿಳಿದರೆ ಅಲ್ಲಿದ್ದದ್ದು ಈ ಕಾಣದ ಸಂಕೇತವೇ. ಪಡೆದವರು ಆ್ಯಪ್ ಅಪ್‌ಡೇಟ್ ಮಾಡಿಕೊಂಡರೆ ಹೆಚ್ಚಿನ ಸಲ ಸರಿಹೋಗುತ್ತದೆ. ಹಳೆಯ ಫೋನಿನವರೇ ಹೆಚ್ಚಿರುವ ಗುಂಪಿಗೆ ಬರೆಯುವಾಗ ಕಳಿಸುವವರು ‘ರಾಜ್ ಕುಮಾರ್’ ಎಂದು ನಡುವೆ ಜಾಗ ಬಿಟ್ಟರೆ ಗೋಜೇ ಇರದು.

ಎರಡನೆಯ ಗುರುತು ಬಿಡಿಬಿಡಿಯಾದ ಅಕ್ಷರ. ‘ಸ್ವಾತಂತ್ರ್ಯ’ವು ‘ಸ್ ವಾತಂತ್ ರ್ ಯ’ ಎಂದು ಕಂಡರೆ ಫಾಂಟ್ ಇದೆ, ಅಕ್ಷರಗಳೂ ಸಿಕ್ಕಿವೆ, ಆದರೆ ಕೂಡಿಸುವ ತಂತ್ರಾಂಶ ಕೆಲಸ ಮಾಡಿಲ್ಲ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಈ ಕೆಲಸ ಮಾಡುವುದು ‘ಹಾರ್ಫ್‌ಬಜ್’ ಎಂಬ ತಂತ್ರಾಂಶ. ಹಾಗಾಗಿ ಈಗಿನ ಚಾಟ್ ಸಂದೇಶದ ಸಾಲಿನಲ್ಲಿ ಈ ದೋಷ ಕಡಿಮೆ. ಚಾಟ್‌ನಲ್ಲಿ ಹಂಚಿಕೆಯಾಗುವ ಚಿತ್ರ, ವಿಡಿಯೊ ಮೇಲಿನ ಬರಹ, ರಶೀದಿಯ ಪಿಡಿಎಫ್‌ಗಳಲ್ಲಿ ಮಾತ್ರ ದಂಡಿಯಾಗಿ ಸಿಗುತ್ತದೆ. ಅವನ್ನು ತಯಾರಿಸಿದ ಕಡೆಯಲ್ಲೇ ಒತ್ತು ಕಳಚಿ, ಚಿತ್ರವಾಗಿ ಗಟ್ಟಿಯಾಗಿಬಿಟ್ಟಿರುತ್ತದೆ. ಪಡೆದವರು ಯಾವ ಫಾಂಟ್ ಹಾಕಿಕೊಂಡರೂ ಪ್ರಯೋಜನವಿಲ್ಲ. ತಯಾರಿಸುವವರು ಫೋಟೊಶಾಪ್ ಬಳಸುತ್ತಿದ್ದರೆ ಪಠ್ಯದ ಆಯ್ಕೆಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಹೊಂದುವ World-Ready Layout ಆರಿಸಬೇಕು. ಬಳಸುವ ಆ್ಯಪ್‌ನಲ್ಲಿ ಅಂಥ ಆಯ್ಕೆಯೇ ಇಲ್ಲದಿದ್ದರೆ, ಬರಹವನ್ನು ಕನ್ನಡ ಸರಿಯಾಗಿ ತೋರಿಸುವ ಬೇರೆ ಕಡೆ ಬರೆದು ಅದರ ಸ್ಕ್ರೀನ್‌ಶಾಟನ್ನು ಚಿತ್ರದ ಮೇಲೆ ಕೂರಿಸುವುದೇ ದಾರಿ.

ಮೂರನೆಯದು ಚುಕ್ಕಿಗಳ ಸೊನ್ನೆ: ‘ಬನ್ನ ◌ಿ’. ಇದನ್ನು ಕಂಡವರು ಫಾಂಟ್ ಹುಡುಕಲು ಹೊರಡುತ್ತಾರೆ. ಆದರೆ ಫಾಂಟೂ ಜೋಡಣೆಯ ತಂತ್ರಾಂಶವೂ ಸರಿಯಾಗಿರುವಾಗಲೇ ಈ ಸೊನ್ನೆ ಬರುವುದು. ಗುಡಿಸು, ಕೊಂಬು, ಏತ್ವ, ವಿರಾಮ ಇವು ಯಾವುದೂ ವ್ಯಂಜನದ ಆಸರೆಯಿಲ್ಲದೆ ನಿಲ್ಲುವಂಥವಲ್ಲ. ಅಂಥ ಗುರುತೊಂದು ಒಂಟಿಯಾಗಿ ಬಂದಾಗ ‘ಇಲ್ಲಿ ಅಕ್ಷರ ತಪ್ಪಿಹೋಗಿದೆ’ ಎಂದು ತಂತ್ರಾಂಶ ತೋರಿಸುವ ಎಚ್ಚರಿಕೆಯೇ ಈ ಸೊನ್ನೆ. ಅಂದರೆ ತಪ್ಪು ಪಠ್ಯದಲ್ಲೇ ಇದೆ, ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಅದು ಒಡೆದೇ ಕಾಣುತ್ತದೆ.

ಹೀಗೆ ಒಂಟಿಯಾಗುವುದು ಮುಖ್ಯವಾಗಿ ಎರಡು ರೀತಿಯಲ್ಲಿ. ಕೀಲಿಮಣೆ ಸೂಚಿಸಿದ ಪದವನ್ನು ಮುಟ್ಟಿದರೆ ಅದರ ಹಿಂದೆ ಒಂದು ಖಾಲಿ ಜಾಗ ತಾನಾಗಿ ಸೇರುತ್ತದೆ. ಆಮೇಲೆ ಗುಡಿಸು ಒತ್ತಿದರೆ ಅದು ನಕಾರಕ್ಕೆ ಹತ್ತದೆ ಖಾಲಿ ಜಾಗದ ಆಚೆ ಬೀಳುತ್ತದೆ. ಆ ಸೊನ್ನೆಯನ್ನೇ ಅಳಿಸಲು ಹೋಗಬೇಡಿ, ಅದು ಪಠ್ಯದಲ್ಲಿ ಇಲ್ಲ, ಪರದೆಯಲ್ಲಷ್ಟೇ ಇದೆ. ಕರ್ಸರನ್ನು ಸೊನ್ನೆಯ ಎಡಕ್ಕಿಟ್ಟು ಒಮ್ಮೆ ಬ್ಯಾಕ್‌ಸ್ಪೇಸ್ ಒತ್ತಿದರೆ ನಡುವಿನ ಜಾಗ ಹೋಗಿ ಗುಡಿಸು ತನ್ನ ಅಕ್ಷರಕ್ಕೆ ಕೂಡಿಕೊಂಡು ‘ಬನ್ನಿ’ ಆಗುತ್ತದೆ. ಕರ್ಸರ್ ಅಲ್ಲಿ ನಿಲ್ಲದಿದ್ದರೆ ಇಡೀ ಪದ ಅಳಿಸಿ ಮತ್ತೆ ಬರೆಯಿರಿ.

ಇನ್ನೊಂದು ರೀತಿ, ಸಂದೇಶ ತುಂಡಾಗುವುದು. ಇಂಗ್ಲಿಷ್ ಎಸ್‌ಎಂಎಸ್ ಒಂದರಲ್ಲಿ 160 ಅಕ್ಷರ ಹಿಡಿಸಿದರೆ ಕನ್ನಡದ್ದರಲ್ಲಿ 70 ಸಂಕೇತ ಮಾತ್ರ. ‘ಸ್ವಾತಂತ್ರ್ಯ’ ಒಂದೇ ಅದರಲ್ಲಿ 11 ತಿನ್ನುತ್ತದೆ. ಉದ್ದವಾದದ್ದು 67 ಸಂಕೇತಗಳ ತುಂಡುಗಳಾಗಿ ಸಾಗಿ ಪಡೆದವರ ಫೋನಿನಲ್ಲಿ ಮತ್ತೆ ಕೂಡಬೇಕು. ಕೂಡದೆ ಬಿಡಿಯಾಗಿ ಬಂದು, ತುಂಡಾದ ಜಾಗ ಸಕಾರಕ್ಕೂ ಅದರ ವಿರಾಮಕ್ಕೂ ನಡುವೆ ಬಿದ್ದಿದ್ದರೆ, ಮೊದಲ ತುಂಡು ‘ಸ’ ಎಂದು ಮುಗಿದು ಎರಡನೆಯದು ಚುಕ್ಕಿ ಸೊನ್ನೆಯಿಂದ ಶುರುವಾಗುತ್ತದೆ. ಅಕ್ಷರ ಮಿತಿಯಿರುವ ಹೆಸರು, ಸ್ಟೇಟಸ್‌ಗಳಲ್ಲೂ ಹೀಗಾಗಬಹುದು. ಸೊನ್ನೆ ಸಾಲಿನ ಮೊದಲಲ್ಲೇ ಇದ್ದರೆ ಅದರ ಹಿಂದಿನ ಸಂದೇಶದ ಕೊನೆಯ ಅಕ್ಷರ ನೋಡಿ, ಉಳಿದರ್ಧ ಅಲ್ಲಿರುತ್ತದೆ.

ಇವುಗಳ ಜೊತೆ ಬೆರೆಸಬಾರದ ಎರಡು ಗುರುತುಗಳಿವೆ. PÀ£ÀßqÀ ಎಂಬಂಥ ಸಾಲು ಬಂದರೆ ಅದು ‘ಕನ್ನಡ’ ಎಂಬ ಪದವೇ, ಆದರೆ ನುಡಿ, ಬರಹಗಳ ಹಳೆಯ ಪದ್ಧತಿಯಲ್ಲಿ ಬರೆದದ್ದು. ಅಲ್ಲಿ ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳ ಚಿತ್ರ ಇಟ್ಟಿರುತ್ತಾರೆ. ಚಾಟ್‌ನಲ್ಲಿ ಆ ಫಾಂಟ್ ಹಾಕಲು ಬರುವುದಿಲ್ಲ, ಆದ್ದರಿಂದ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿಕೊಂಡೇ ಕಳಿಸಬೇಕು. ಬರೀ ???? ಬಂದಿದ್ದರೆ ದಾರಿಯಲ್ಲಿ ಯಾವುದೋ ವ್ಯವಸ್ಥೆ ಕನ್ನಡದ ಸಂಕೇತ ತಿಳಿಯದೆ ಅದರ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ತುಂಬಿದೆ. ಚೌಕದ ಹಿಂದೆ ಮೂಲ ಪಠ್ಯ ಹಾಗೇ ಉಳಿದಿರುತ್ತದೆ, ಪ್ರಶ್ನಾರ್ಥಕದ ಹಿಂದೆ ಏನೂ ಉಳಿದಿರುವುದಿಲ್ಲ. ಮತ್ತೊಮ್ಮೆ, ಬೇರೆ ಮಾರ್ಗದಲ್ಲಿ ಕಳಿಸಲು ಹೇಳುವುದಷ್ಟೇ ಸಾಧ್ಯ.

ಯಾವುದೆಂದು ತಿಳಿಯದಿದ್ದರೆ ಎರಡು ಪರೀಕ್ಷೆ ಸಾಕು. ಸಂದೇಶವನ್ನು ನಕಲು ಮಾಡಿ ಅದೇ ಫೋನಿನ ನೋಟ್ಸ್ ಅಥವಾ ಮೇಲ್‌ನಲ್ಲಿ ಅಂಟಿಸಿ. ಅಲ್ಲಿ ಸರಿಯಾಗಿ ಕಂಡರೆ ದೋಷ ಚಾಟ್ ಆ್ಯಪ್‌ನದು. ಅಲ್ಲೂ ಒಡೆದಿದ್ದರೆ ಕಳಿಸಿದವರಿಗೆ ತಮ್ಮ ಪರದೆಯಲ್ಲಿ ಹೇಗೆ ಕಾಣುತ್ತಿದೆ ಎಂದು ಕೇಳಿ. ಅವರಿಗೆ ಸರಿಯಿದ್ದರೆ ನಿಮ್ಮ ಫೋನನ್ನು ನೋಡಬೇಕು, ಅವರಿಗೂ ಒಡೆದಿದ್ದರೆ ಪಠ್ಯವನ್ನು ತಿದ್ದಬೇಕು.

ಆ್ಯಪ್‌ನದೇ ದೋಷವೆಂದಾದರೆ ತಯಾರಿಸಿದವರಿಗೆ ಬರೆಯುವಾಗ ಸ್ಕ್ರೀನ್‌ಶಾಟ್ ಒಂದನ್ನೇ ಕಳಿಸಬೇಡಿ. ಚಿತ್ರದಲ್ಲಿ ಚೌಕ ಕಾಣುತ್ತದೆಯೇ ಹೊರತು ಅದು U+200C ಚೌಕವೋ ಫಾಂಟಿನಲ್ಲಿಲ್ಲದ ಅಕ್ಷರವೋ ತಿಳಿಯುವುದಿಲ್ಲ. ಚಿತ್ರದ ಜೊತೆ ಒಡೆದ ಪದವನ್ನು ನಕಲು ಮಾಡಿ ಪಠ್ಯವಾಗಿಯೇ ಸೇರಿಸಿ, ಫೋನಿನ ಮಾದರಿ, ಸಿಸ್ಟಮ್ ಮತ್ತು ಆ್ಯಪ್‌ನ ಆವೃತ್ತಿ ಬರೆಯಿರಿ. ಕನ್ನಡ ಓದಲು ಬಾರದ ಎಂಜಿನಿಯರ್ ಕೂಡ ಆ ಸಂಕೇತಗಳನ್ನು ಬಿಡಿಸಿ ನೋಡಿ ಎಲ್ಲಿ ಎಡವಿತೆಂದು ಹಿಡಿಯಬಲ್ಲರು.